ಒಂಬತ್ತು ಕೊಡುವ ಸುಳಿವು

ತಿಂಗಳ ಕೊನೆಯ ತಾಳೆಪಟ್ಟಿಯಲ್ಲಿ ಡೆಬಿಟ್ ಮೊತ್ತ ಕ್ರೆಡಿಟ್‌ಗಿಂತ 270 ರೂಪಾಯಿ ಕಡಿಮೆ ಬಂದಿದೆ ಎನ್ನಿ. ಪಳಗಿದ ಗುಮಾಸ್ತರು ಆ ವ್ಯತ್ಯಾಸವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡುತ್ತಾರೆ. ಶೇಷ ಉಳಿಯದಿದ್ದರೆ, ಎಲ್ಲೋ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿವೆ ಎಂಬ ಗುಮಾನಿ ಹುಟ್ಟುತ್ತದೆ.

ಕಾರಣ ಸ್ಥಾನಬೆಲೆಯಲ್ಲಿದೆ. ನೂರರ ಸ್ಥಾನದ ಅಂಕಿ ಹತ್ತರ ಸ್ಥಾನಕ್ಕೆ ಇಳಿದರೆ ಅದರ ಪ್ರತಿ ಒಂದಕ್ಕೂ 90 ನಷ್ಟ. ಹತ್ತರಿಂದ ನೂರಕ್ಕೆ ಏರಿದ ಅಂಕಿಯ ಪ್ರತಿ ಒಂದಕ್ಕೂ 90 ಲಾಭ. ಹಾಗಾಗಿ ಒಟ್ಟು ಬದಲಾವಣೆ ಎಂದರೆ ಎರಡು ಅಂಕಿಗಳ ಅಂತರದ 90 ಪಟ್ಟು. ಹತ್ತು–ಬಿಡಿ ಸ್ಥಾನಗಳಾದರೆ 9 ಪಟ್ಟು, ಸಾವಿರ–ನೂರಾದರೆ 900 ಪಟ್ಟು.

ನಮ್ಮ 270 ಎಂದರೆ 90ರ ಮೂರು ಪಟ್ಟು. ಹಾಗಾದರೆ ಇಡೀ ಪುಸ್ತಕ ತಿರುವಬೇಕಿಲ್ಲ. ಡೆಬಿಟ್ ಕಡೆ, ನೂರರ ಅಂಕಿಗಿಂತ ಹತ್ತರ ಅಂಕಿ ಮೂರು ಹೆಚ್ಚಿರುವ ಮೊತ್ತಗಳನ್ನಷ್ಟೇ ಬಿಲ್ಲಿನ ಜೊತೆ ಹೋಲಿಸಬೇಕು. 4,580 ಎಂಬ ನಮೂದು ಸಿಗುತ್ತದೆ, ಬಿಲ್ಲಿನಲ್ಲಿರುವುದು 4,850. ಅಲ್ಲಿ ಸಿಗದಿದ್ದರೆ ಕ್ರೆಡಿಟ್ ಕಡೆ ಇದರ ತಿರುವುಮುರುವು ಹುಡುಕಬೇಕು.

ಆದರೂ ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. 300ರ ಬದಲು 30 ಬರೆದರೂ ವ್ಯತ್ಯಾಸ 270. 135 ರೂಪಾಯಿಯ ಡೆಬಿಟ್ಟನ್ನು ಕ್ರೆಡಿಟ್ ಕಡೆ ಬರೆದರೂ ಅಷ್ಟೇ. ಇನ್ನು ಎರಡೂ ಕಡೆ 4,580 ಎಂದೇ ಬರೆದಿದ್ದರೆ ತಾಳೆಪಟ್ಟಿ ಸರಿಹೊಂದಿ, ತಪ್ಪು ಹಾಗೇ ಉಳಿದುಬಿಡುತ್ತದೆ.