ಗಾಲಿಯ ಗುಂಯ್‌ಗುಟ್ಟುವಿಕೆ: ಬೇರಿಂಗಿನದೋ, ಟಾಯರಿನದೋ?

ಚಕ್ಕಡಿಯ ಕಾಲದಲ್ಲಿ ನಮ್ಮ ಹಿರಿಯರು ಕಣ್ಣು ಮುಚ್ಚಿಕೊಂಡು ಕುಳಿತಿದ್ದರೂ ಯಾವ ಗಾಲಿಯ ಅಚ್ಚಿಗೆ ಕೀಲೆಣ್ಣೆ ಬೇಕಾಗಿದೆಯೆಂದು ಸಪ್ಪಳದ ಮೇಲಿಂದಲೇ ಹೇಳುತ್ತಿದ್ದರು. ಈಗ ಚಕ್ಕಡಿಗಳು ಕಡಿಮೆಯಾಗಿವೆ. ತೊಗರಿ, ಸೋಯಾಬೀನುಗಳ ಚೀಲಗಳು ಪಿಕಪ್ ಗಾಡಿಗಳಲ್ಲಿ ಪೇಟೆಗೆ ಹೋಗುತ್ತವೆ. ಗಾಡಿ ಬದಲಾದರೂ ಗಾಲಿ ಸಪ್ಪಳ ಮಾಡುವುದನ್ನು ಬಿಟ್ಟಿಲ್ಲ. ಆ ಸಪ್ಪಳದ ಅರ್ಥವನ್ನು ತಿಳಿಯುವ ಕಿವಿ ಮಾತ್ರ ನಮ್ಮಲ್ಲಿ ಕಡಿಮೆಯಾಗಿದೆ.

ನಮ್ಮ ತುರೋರಿಯ ರೈತರೊಬ್ಬರ ಪಿಕಪ್ ಗಾಡಿಗೆ ಕಳೆದ ಮಳೆಗಾಲದ ನಂತರ ಇಂಥದೇ ಒಂದು ಸಪ್ಪಳ ಹತ್ತಿತು. ಊರೊಳಗೆ ನಿಧಾನವಾಗಿ ಹೋಗುವಾಗ ಏನೂ ಇಲ್ಲ. ಹೆದ್ದಾರಿಗೆ ಹತ್ತಿ ಉಮರ್ಗಾದ ಕಡೆಗೆ ತಾಸಿಗೆ 45 ಕಿಲೋಮೀಟರು ವೇಗ ಬಂತೆಂದರೆ ಮುಂದಿನಿಂದ 'ಗುಂಯ್' ಎಂಬ ಒಂದೇ ಸಮನೆಯ ಧ್ವನಿ. ಒಬ್ಬರು "ಟಾಯರು ಸವೆದಾವ, ಎರಡೂ ಹೊಸಾವು ಹಾಕ್ರಿ" ಎಂದರು. ಇನ್ನೊಬ್ಬರು "ಬೇರಿಂಗ ಹೋಗೇತಿ, ನಾಲ್ಕೂ ಗಾಲಿದು ಬದಲಿ ಮಾಡ್ರಿ" ಎಂದರು. ಎರಡರ ಖರ್ಚೂ ಸಣ್ಣದಲ್ಲ. ಆದರೆ ಟಾಯರಿನ ಸಪ್ಪಳವನ್ನು ಕೆಲವು ತಿಂಗಳು ಸಹಿಸಿಕೊಂಡು ಹೋಗಬಹುದು. ಬೇರಿಂಗಿನ ಸಪ್ಪಳವನ್ನು ಹಾಗೆ ಬಿಟ್ಟರೆ ಒಂದು ದಿನ ಅದು ಬಿಗಿದುಕೊಂಡು ಅಚ್ಚು ಮುರಿದು, ಓಡುವ ಗಾಡಿಯಿಂದ ಗಾಲಿಯೇ ಕಳಚೀತು. ಆದ್ದರಿಂದ ಹಣ ಬಿಚ್ಚುವ ಮೊದಲು ಸಪ್ಪಳ ಯಾವುದರದೆಂದು ಗೊತ್ತುಮಾಡಿಕೊಳ್ಳುವುದು ಅವಶ್ಯ. ಇದಕ್ಕೆ ಯಂತ್ರಗಳೇನೂ ಬೇಡ.

ಎರಡು ಸಪ್ಪಳಗಳ ಹುಟ್ಟು

ಇಂಥ ಗಾಡಿಯ ಗಾಲಿ ಒಂದು ಸುತ್ತು ತಿರುಗಿದರೆ ಸುಮಾರು ಎರಡು ಮೀಟರು ಮುಂದೆ ಹೋಗುತ್ತದೆ. ತಾಸಿಗೆ 60 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಎಂಟು ಸುತ್ತು ತಿರುಗುತ್ತದೆ. ಟಾಯರಿನ ಮೈಮೇಲೆ ಸುತ್ತಲೂ 60 ರಬ್ಬರಿನ ಗಟ್ಟಿಗಳಿದ್ದರೆ, ಅವು ಸೆಕೆಂಡಿಗೆ 480 ಸಲ ರಸ್ತೆಯನ್ನು ಬಡಿಯುತ್ತವೆ. ಈ ಬಡಿತಗಳೇ ಕೂಡಿ ನಮ್ಮ ಕಿವಿಗೆ ಒಂದು ರಾಗದಂತೆ ಕೇಳಿಸುತ್ತವೆ. ಗಟ್ಟಿಗಳು ಸಮನಾಗಿ ಸವೆದಿದ್ದರೆ ರಾಗ ಮೆಲ್ಲಗಿರುತ್ತದೆ. ಓರೆಯಾಗಿ ಸವೆದಿದ್ದರೆ ಜೋರಾಗುತ್ತದೆ.

ಬೇರಿಂಗಿನೊಳಗೆ ಎರಡು ಉಕ್ಕಿನ ಬಳೆಗಳ ನಡುವೆ ಸಣ್ಣ ಉರುಳೆಗಳು ಓಡುತ್ತಿರುತ್ತವೆ. ಬಳೆಯ ಮೈ ಕನ್ನಡಿಯಂತೆ ನುಣುಪಾಗಿರುವ ತನಕ ಸಪ್ಪಳವಿಲ್ಲ. ನೀರು ಹೋಗಿ ಅಥವಾ ಗ್ರೀಸು ಒಣಗಿ ಅದರ ಮೈಯಿಂದ ಒಂದು ಚೂರು ಉಕ್ಕು ಕಿತ್ತು ಬಂದರೆ, ಪ್ರತಿಯೊಂದು ಉರುಳೆಯೂ ಆ ಕುಳಿಯನ್ನು ದಾಟುವಾಗ ಒಮ್ಮೆ ಬಡಿಯುತ್ತದೆ. ಹದಿನೈದು ಉರುಳೆಗಳ ಬೇರಿಂಗಾದರೆ, ಅದೇ ವೇಗದಲ್ಲಿ ಸೆಕೆಂಡಿಗೆ ಸುಮಾರು 50ರಿಂದ 70 ಬಡಿತಗಳಾಗುತ್ತವೆ. ಹೀಗಾಗಿ ಬೇರಿಂಗಿನ ಧ್ವನಿ ಮೊದಮೊದಲು ಬೀಸುಕಲ್ಲಿನ ಗುರುಗುಟ್ಟುವಿಕೆಯಂತೆ ದಪ್ಪಗಿರುತ್ತದೆ. ಆದರೆ ತಗ್ಗುತಗ್ಗಾಗಿ ಸವೆದ ಟಾಯರೂ ಹೀಗೆಯೇ ಗುರುಗುಟ್ಟುವುದುಂಟು. ಆದಕಾರಣ ಬರೀ ಧ್ವನಿಯನ್ನು ನಂಬಬಾರದು. ಯಾವಾಗ ಅದು ಬದಲಾಗುತ್ತದೆಂಬುದನ್ನು ನೋಡಬೇಕು.

ಮೊದಲನೆಯ ಪರೀಕ್ಷೆ: ಎಂಜಿನನ್ನು ಬೇರೆ ಮಾಡುವುದು

ಗಾಡಿಯಲ್ಲಿ ಹೇರಿರಬಾರದು. ಸಪಾಟಾದ, ನೇರವಾದ, ಮುಂದೆ ಹಿಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ ಸಪ್ಪಳ ಬರುವ ವೇಗಕ್ಕೆ ಹೋಗಿ, ಕ್ಲಚ್ಚನ್ನು ಒತ್ತಿ ಎಕ್ಸಿಲೇಟರಿನಿಂದ ಕಾಲು ತೆಗೆಯಿರಿ. ಎಂಜಿನಿನ ಓಟ ಇಳಿದರೂ ಸಪ್ಪಳ ಗಾಡಿಯ ವೇಗದೊಂದಿಗೇ ನಿಧಾನವಾಗಿ ಇಳಿಯುತ್ತಿದ್ದರೆ ದೋಷ ಎಂಜಿನಿನಲ್ಲಿಲ್ಲ. ಎಂಜಿನನ್ನು ಮಾತ್ರ ಎಂದೂ ಬಂದು ಮಾಡಬಾರದು. ಬಂದು ಮಾಡಿದರೆ ಬ್ರೇಕಿನ ಬಲ ಹೋಗುತ್ತದೆ, ಕೀಲಿ ಹೊರಳಿಸಿದರೆ ಸ್ಟೇರಿಂಗು ಬಿಗಿದುಕೊಳ್ಳುತ್ತದೆ. ತುರೋರಿಯ ಗಾಡಿಯಲ್ಲಿ ಸಪ್ಪಳ ಹಾಗೆಯೇ ಉಳಿಯಿತು.

ಎರಡನೆಯ ಪರೀಕ್ಷೆ: ರಸ್ತೆ ಬದಲಾದಾಗ ಕೇಳುವುದು

ಟಾಯರು ರಸ್ತೆಯ ಮೇಲೆ ಹಾಡುತ್ತದೆ. ಬೇರಿಂಗು ತನ್ನೊಳಗೆ ತಾನೇ ಹಾಡುತ್ತದೆ. ಆದುದರಿಂದ ಒಂದೇ ವೇಗದಲ್ಲಿ ಹೋಗುತ್ತ ಒರಟು ಡಾಂಬರಿನಿಂದ ಹೊಸ ನುಣುಪು ಡಾಂಬರಿಗೆ, ಇಲ್ಲವೆ ಡಾಂಬರಿನಿಂದ ಸಿಮೆಂಟು ರಸ್ತೆಗೆ ಬಂದ ಕೂಡಲೇ ಸಪ್ಪಳ ಬದಲಾದರೆ ಸಂಶಯ ಟಾಯರಿನ ಮೇಲೆ. ರಸ್ತೆ ಯಾವುದಾದರೂ ಸಪ್ಪಳ ಅದೇ ಇದ್ದರೆ ಸಂಶಯ ಬೇರಿಂಗಿನ ಮೇಲೆ. ಈ ರೈತರ ಗಾಡಿ ಹೆದ್ದಾರಿಯ ಹೊಸ ಡಾಂಬರಿನ ತುಂಡಿಗೆ ಬಂದಾಗ ಸಪ್ಪಳ ಅರ್ಧದಷ್ಟು ಇಳಿಯಿತು. ಆದರೆ ಪೂರ್ತಿ ಹೋಗಲಿಲ್ಲ. ಈ ಉಳಿದ ಅರ್ಧವನ್ನು ನೆನಪಿನಲ್ಲಿಡಿರಿ.

ಮೂರನೆಯ ಪರೀಕ್ಷೆ: ಮೆಲ್ಲಗೆ ಎಡಕ್ಕೂ ಬಲಕ್ಕೂ

ಗಾಡಿ ಬಲಕ್ಕೆ ಹೊರಳಿದಾಗ ಅದರ ಭಾರ ಎಡಗಾಲಿಗಳ ಮೇಲೆ ವಾಲುತ್ತದೆ. ಎಡಕ್ಕೆ ಹೊರಳಿದಾಗ ಬಲಗಾಲಿಗಳ ಮೇಲೆ. ಕೊಡ ಹೊತ್ತವಳು ಒಂದು ಕಡೆ ವಾಲಿದಾಗ ಆ ಕಡೆಯ ಕಾಲಿಗೆ ಭಾರ ಬೀಳುವ ಹಾಗೆ. ಕೆಟ್ಟ ಬೇರಿಂಗಿನ ಮೇಲೆ ಭಾರ ಬಿದ್ದಾಗ ಸಾಮಾನ್ಯವಾಗಿ ಅದು ಜೋರಾಗಿ ಕೂಗುತ್ತದೆ, ಭಾರ ಇಳಿದಾಗ ಸುಮ್ಮನಾಗುತ್ತದೆ. ಹೆದ್ದಾರಿಯಲ್ಲಿ ಇದನ್ನು ಮಾಡಬಾರದು. ಜನಸಂಚಾರವಿಲ್ಲದ ಅಗಲವಾದ ಬೇರೆ ರಸ್ತೆಯಲ್ಲಿ, ಖಾಲಿ ಗಾಡಿಯನ್ನು ತಾಸಿಗೆ 45-50 ಕಿಲೋಮೀಟರು ವೇಗದಲ್ಲಿ ಹೊಡೆಯುತ್ತ ಸ್ಟೇರಿಂಗನ್ನು ಮೆಲ್ಲಗೆ ಬಲಕ್ಕೆ, ಮೆಲ್ಲಗೆ ಎಡಕ್ಕೆ ತಂದರೆ ಸಾಕು. ಎತ್ತರಕ್ಕೆ ಹೇರಿದ ಗಾಡಿ ಇದರಿಂದ ಉರುಳಬಹುದು.

ನಮ್ಮ ರೈತರು ಬಲಕ್ಕೆ ಹೊರಳಿಸಿದಾಗ ಉಳಿದಿದ್ದ ಆ ದಪ್ಪ ಧ್ವನಿ ಏರಿತು, ಎಡಕ್ಕೆ ತಂದಾಗ ಇಳಿಯಿತು. ಸಂಶಯ ಎಡಗಡೆಯ ಬೇರಿಂಗಿನ ಮೇಲೆ ಬಂತು. ಆದರೂ ಈ ಪರೀಕ್ಷೆ ಕೊನೆಯ ಮಾತಲ್ಲ. ಕೆಲವು ಬೇರಿಂಗುಗಳು ಭಾರ ಇಳಿದಾಗಲೇ ಕೂಗುವುದುಂಟು, ಕೆಲವು ಯಾವ ಕಡೆಗೆ ಹೊರಳಿಸಿದರೂ ಬದಲಾಗುವುದಿಲ್ಲ.

ನಾಲ್ಕನೆಯ ಪರೀಕ್ಷೆ: ಗಾಲಿ ಹಿಂದು ಮುಂದು ಮಾಡುವುದು

ಮೊದಲು ನಿಂತ ಗಾಡಿಯ ಟಾಯರಿನ ಮೇಲೆ ಸುತ್ತಿನ ಗುಂಟ ಅಂಗೈಯನ್ನು ಆಡಿಸಿರಿ. ತಂತಿ ಹೊರಬಂದಿದ್ದರೆ ಕೈ ಕೊಯ್ಯುತ್ತದೆ, ಆದ್ದರಿಂದ ಮೊದಲು ಕಣ್ಣಿಂದ ನೋಡಿರಿ. ಒಂದು ದಿಕ್ಕಿಗೆ ಕೈ ನುಣುಪಾಗಿ ಜಾರಿ, ಮರಳಿ ತರುವಾಗ ಕುಡುಗೋಲಿನ ಹಲ್ಲಿನಂತೆ ತಡೆದರೆ ಗಟ್ಟಿಗಳು ಓರೆಯಾಗಿ ಸವೆದಿವೆ. ಗಾಲಿಗಳ ನೇರ ತಪ್ಪಿರುವುದು, ಗಾಳಿ ಸರಿಯಿಲ್ಲದಿರುವುದು, ವರುಷಗಟ್ಟಲೆ ಗಾಲಿಯ ಸ್ಥಾನ ಬದಲಿಸದಿರುವುದು ಇದಕ್ಕೆ ಕಾರಣಗಳು.

ಆಮೇಲೆ ಮುಂದಿನ ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿರಿ. ಸಪ್ಪಳವೂ ಹಿಂದಕ್ಕೆ ಹೋದರೆ ಅದು ಟಾಯರಿನದು. ಮುಂದೆಯೇ ಉಳಿದರೆ ಟಾಯರಿನದಲ್ಲ. ಮುಂದಿನ ಹಿಂದಿನ ಟಾಯರುಗಳ ಅಳತೆ ಒಂದೇ ಇದ್ದರೆ ಮಾತ್ರ ಹೀಗೆ ಮಾಡಬಹುದು. ಟಾಯರಿನ ಮಗ್ಗುಲಲ್ಲಿ ತಿರುಗುವ ದಿಕ್ಕಿನ ಬಾಣವಿದ್ದರೆ ಅದನ್ನು ಅದೇ ಮಗ್ಗುಲಿನಲ್ಲಿಯೇ ಇಡಬೇಕು. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಸ್ವಲ್ಪ ದೂರ ಓಡಿಸಿದ ನಂತರ ಮತ್ತೊಮ್ಮೆ ನೋಡಬೇಕು.

ಇಲ್ಲಿ ತುರೋರಿಯ ಗಾಡಿಯ ಗಂಟು ಬಿಚ್ಚಿತು. 'ಗುಂಯ್' ಎಂಬ ರಾಗ ಹಿಂದಕ್ಕೆ ಹೋಯಿತು. ಅದು ಹೋದ ಮೇಲೆ, ಅದರಡಿಯಲ್ಲಿ ಅಡಗಿದ್ದ ಬೀಸುಕಲ್ಲಿನ ಧ್ವನಿ ಮುಂದಿನ ಎಡಗಾಲಿಯಿಂದ ಸ್ಪಷ್ಟವಾಗಿ ಕೇಳಿಸಿತು. ಅಂದರೆ ಸಲಹೆ ಕೊಟ್ಟ ಇಬ್ಬರೂ ಅರ್ಧರ್ಧ ಸರಿಯಾಗಿದ್ದರು. ಟಾಯರು ಮಾತ್ರ ಬದಲಿಸಿದ್ದರೆ ಸಪ್ಪಳ ಬಹಳಷ್ಟು ಇಳಿದು, ಅವರು ನೆಮ್ಮದಿಯಿಂದ ಕೆಟ್ಟ ಬೇರಿಂಗಿನ ಮೇಲೆಯೇ ಗಾಡಿ ಹೊಡೆಯುತ್ತಿದ್ದರು. ಒಂದು ದೋಷ ಸಿಕ್ಕಿತೆಂದು ಪರೀಕ್ಷೆಯನ್ನು ನಿಲ್ಲಿಸಬಾರದೆಂಬುದಕ್ಕೆ ಇದೇ ಕಾರಣ.

ಜಾಕಿನ ಮೇಲೆ ಖಾತ್ರಿ

ಕೊನೆಗೆ ಸಪಾಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿದರು. ಕೆಳಗೆ ಗಟ್ಟಿಯಾದ ಆಸರೆಯನ್ನೂ ಇಟ್ಟರು. ಜಾಕೊಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು. ಕೈಯಿಂದ ಗಾಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ತಿರುಗದ ಸ್ಪ್ರಿಂಗಿನ ಮೇಲಿಟ್ಟಾಗ, ಉಸುಕು ಅರೆದಂಥ ನಡುಕ ಬೆರಳಿಗೆ ಹತ್ತಿತು. ಬಲಗಾಲಿಯಲ್ಲಿ ಅದಿರಲಿಲ್ಲ. ಗಾಲಿಯ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲು ಕಂಡಿತು. ಒಬ್ಬರು ಬ್ರೇಕು ಒತ್ತಿ ಹಿಡಿದಾಗ ಆ ಸಡಿಲು ಮಾಯವಾಯಿತು. ಹೀಗಾದರೆ ಸಡಿಲು ಬೇರಿಂಗಿನದು. ಬ್ರೇಕು ಒತ್ತಿದರೂ ಉಳಿದರೆ ಗಾಲಿಯನ್ನು ಹಿಡಿದ ಬೇರೆ ಕೀಲುಗಳದು.

ಬಿಚ್ಚಿ ನೋಡಿದಾಗ ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ಮಳೆಗಾಲದಲ್ಲಿ ಹಳ್ಳ ದಾಟುವಾಗ ಸವೆದ ಸೀಲಿನಿಂದ ನೀರು ಒಳಹೊಕ್ಕಿತ್ತು. ಒಳಬಳೆಯ ಕೆಳಭಾಗದಲ್ಲಿ, ಎಲ್ಲಿ ಭಾರ ಬೀಳುತ್ತದೆಯೋ ಅಲ್ಲಿಯೇ, ಸಣ್ಣ ಕುಳಿಗಳೆದ್ದಿದ್ದವು. ಈ ಬಗೆಯ ಬೇರಿಂಗನ್ನು ಒಳಬಳೆ, ಹೊರಬಳೆ ಜೊತೆಯಾಗಿಯೇ ಬದಲಿಸಬೇಕು, ಸೀಲೂ ಹೊಸದಿರಬೇಕು, ಗ್ರೀಸನ್ನು ಉರುಳೆಗಳ ಸಂದಿಯೊಳಗೆ ಒತ್ತಿ ತುಂಬಬೇಕು. ನಟ್ಟನ್ನು ಎಷ್ಟು ಬಿಗಿಯಬೇಕೆಂಬುದು ಆ ಗಾಡಿಯ ಪುಸ್ತಕದಂತೆಯೇ ಆಗಬೇಕು. ಹೆಚ್ಚು ಬಿಗಿದರೆ ಹೊಸ ಬೇರಿಂಗೂ ಕಾದು ಸುಡುತ್ತದೆ. ಹಲವು ಹೊಸ ಕಾರುಗಳಲ್ಲಿ ಬೇರಿಂಗು ಮುಚ್ಚಿದ ಗುಂಬದೊಡನೆ ಒಂದಾಗಿಯೇ ಬರುವುದರಿಂದ ಅಲ್ಲಿ ಬೇರಿಂಗಿನ ಸಡಿಲನ್ನು ಹದಮಾಡುವ ಪ್ರಶ್ನೆಯಿಲ್ಲ, ಪೂರ್ತಿ ಬದಲಿಸುವುದೇ ದಾರಿ.

ಒಟ್ಟಿನಲ್ಲಿ ಆ ರೈತರಿಗೆ ಖರ್ಚಾದದ್ದು ಒಂದು ಗಾಲಿಯ ಬೇರಿಂಗುಗಳಿಗೆ, ಸೀಲಿಗೆ ಮತ್ತು ಗಾಲಿಗಳ ನೇರ ಹಿಡಿಸುವುದಕ್ಕೆ. ಟಾಯರುಗಳು ಹಿಂದೆ ಗುಂಯ್‌ಗುಡುತ್ತಲೇ ಇನ್ನೂ ದುಡಿಯುತ್ತಿವೆ.

ಒಂದು ಎಚ್ಚರಿಕೆ: ಸಪ್ಪಳ ಲೋಹ ಲೋಹಕ್ಕೆ ಅರೆದಂತೆ ಕರ್ಕಶವಾದರೆ, ಗಾಲಿ ನಡುಗಿದರೆ, ಅಥವಾ ಒಂದು ಗಾಲಿಯ ಗುಂಬ ತನ್ನ ಜೊತೆಗಾಲಿಗಿಂತ ಬಹಳ ಬಿಸಿಯಾಗಿದ್ದರೆ, ಮೇಲಿನ ರಸ್ತೆಯ ಪರೀಕ್ಷೆಗಳನ್ನು ಮಾಡಲು ಹೋಗಬೇಡಿರಿ. ಬಿಸಿಗೆ ಹಿಡಿದುಕೊಂಡ ಬ್ರೇಕೂ ಕಾರಣವಿರಬಹುದು. ಯಾವುದಾದರೂ ಸರಿ, ಗಾಡಿಯನ್ನು ಅಲ್ಲಿಯೇ ಬದಿಗೆ ನಿಲ್ಲಿಸಿ ಮಿಸ್ತ್ರಿಯನ್ನು ಗಾಡಿಯಿದ್ದಲ್ಲಿಗೆ ಕರೆಸಿರಿ.