ಕಂಪ್ಯೂಟರಿಗೆ ಕಾವಲು ಯಾರು?

ಸಂಜೆ ಏಳು ಗಂಟೆ. ಮೊಮ್ಮಗಳು ಶಾಲೆಯ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದಳು. ಅಷ್ಟರಲ್ಲಿ ಊರಾಚೆಯ ತೋಟಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದವು. ದೀಪ ಮಂಕಾಯಿತು, ಫ್ಯಾನ್ ನಿಧಾನವಾಯಿತು, ಕಂಪ್ಯೂಟರ್ ತಟ್ಟನೆ ಆರಿಹೋಯಿತು. ಸೇವ್ ಮಾಡದ ಎರಡು ಪುಟ ಮಾಯ!

“ಅಜ್ಜಾ, ಫ್ರಿಜ್ಜಿಗೆ ಇರೋ ಹಾಗೆ ಇದಕ್ಕೂ ಒಂದು ಸ್ಟೆಬಿಲೈಸರ್ ಹಾಕಿದ್ರೆ ಆಗಲ್ವಾ?”

ಹಳ್ಳಿಯ ಯಾವುದೇ ಮನೆಯಲ್ಲಿ ಕೇಳಿಬರಬಹುದಾದ ಪ್ರಶ್ನೆ ಇದು. ಉತ್ತರ ಬೇಕಾದರೆ ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು. ನಮ್ಮ ಮನೆಗಳಿಗೆ ಬರಬೇಕಾದ ವೋಲ್ಟೇಜ್ 230. ಅದು ತುಂಬಾ ಇಳಿಯುವುದು ಅಥವಾ ಏರುವುದು ಒಂದು ಕಾಯಿಲೆ. ಕರೆಂಟೇ ಹೋಗುವುದು ಇನ್ನೊಂದು. ಸಿಡಿಲಿನಂಥ ಕಾರಣದಿಂದ ಕಣ್ಣು ಮಿಟುಕಿಸುವುದರೊಳಗೆ ವೋಲ್ಟೇಜ್ ಸಾವಿರಗಟ್ಟಲೆ ಜಿಗಿಯುವುದು ಮೂರನೆಯದು. ಸ್ಟೆಬಿಲೈಸರ್ ಮೊದಲನೆಯದಕ್ಕೆ, ಯುಪಿಎಸ್ ಎರಡನೆಯದಕ್ಕೆ, ಸರ್ಜ್ ಪ್ರೊಟೆಕ್ಟರ್ ಮೂರನೆಯದಕ್ಕೆ ಮದ್ದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಸ್ಟೆಬಿಲೈಸರ್‌ನಲ್ಲಿ ಬ್ಯಾಟರಿಯೇ ಇಲ್ಲ, ಕರೆಂಟು ಹೋದರೆ ಅದೂ ಹೋಯಿತು!

ಕಾಯಿಲೆ ಪತ್ತೆಗೆ ಒಂದು ಸುಲಭ ದಾರಿಯಿದೆ. ಪ್ಲಗ್ಗಿಗೆ ಸಿಕ್ಕಿಸಿದರೆ ವೋಲ್ಟೇಜನ್ನು ಅಂಕಿಯಲ್ಲಿ ತೋರಿಸುವ ಪುಟ್ಟ ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ದೊಡ್ಡವರು ಅದನ್ನು ಸಿಕ್ಕಿಸಲಿ, ಮಕ್ಕಳು ಬೆಳಗ್ಗೆ, ಸಂಜೆ, ರಾತ್ರಿ ನೋಡಿ ಒಂದು ವಾರ ಬರೆದಿಡಲಿ. ಈ ಮನೆಯಲ್ಲಿ ಬೆಳಗ್ಗೆ 225, ಸಂಜೆ 170, ನಡುರಾತ್ರಿ 245 ಬಂತು ಎಂದಿಟ್ಟುಕೊಳ್ಳೋಣ. ದಿನಕ್ಕೆರಡು ಸಲ ಕರೆಂಟೂ ಹೋಗುತ್ತದೆ.

ಈಗ ಕಂಪ್ಯೂಟರಿನ ಹಿಂಬದಿಯಲ್ಲಿ ಪವರ್ ಕೇಬಲ್ ಸಿಕ್ಕಿಸುವ ಪೆಟ್ಟಿಗೆಯ ಚೀಟಿ ಓದಿ. ಹೊರಗೆ ಕಾಣದಿದ್ದರೆ ರಿಪೇರಿಯವರನ್ನು ಕೇಳಿ. ‘100-240V’ ಎಂದಿದ್ದರೆ 170 ಅದಕ್ಕೆ ಕಷ್ಟವೇ ಅಲ್ಲ, ಸ್ಟೆಬಿಲೈಸರ್ ಬೇಕಿಲ್ಲ. ‘200-240V’ ಎಂದಿದ್ದರೆ 170ಕ್ಕೆ ಅದು ಸೋಲಬಹುದು. ಆದರೆ ಎಂಥ ಪೆಟ್ಟಿಗೆಯೇ ಆಗಲಿ, ಕರೆಂಟು ಪೂರ್ತಿ ನಿಂತರೆ ಅದು ತಡೆದುಕೊಳ್ಳುವುದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಆದ್ದರಿಂದ ಪ್ರಾಜೆಕ್ಟ್ ಉಳಿಸಲು ಯುಪಿಎಸ್ ಬೇಕೇ ಬೇಕು.

ಯುಪಿಎಸ್ ಆರಿಸುವಾಗಲೇ ಹಲವರು ಎಡವುವುದು. ತೀರಾ ಸರಳವಾದ ‘ಆಫ್‌ಲೈನ್’ ಬಗೆಯದು ವೋಲ್ಟೇಜ್ ತುಂಬಾ ಇಳಿದ ಕೂಡಲೇ ಬ್ಯಾಟರಿಗೆ ಹೊರಳುತ್ತದೆ. ಸಂಜೆಯಿಡೀ 170 ಇದ್ದರೆ ಅದು ಕೀಂ ಕೀಂ ಎನ್ನುತ್ತಾ ಬ್ಯಾಟರಿ ಬರಿದು ಮಾಡಿಕೊಂಡು, ಕೊನೆಗೆ ಕರೆಂಟಿದ್ದರೂ ಆರಿಬಿಡುತ್ತದೆ. ‘ಲೈನ್ ಇಂಟರ್‌ಆಕ್ಟಿವ್’ ಬಗೆಯದರಲ್ಲಿ ಎವಿಆರ್ ಎಂಬ ಪುಟ್ಟ ಸ್ಟೆಬಿಲೈಸರ್ ಒಳಗೇ ಇರುತ್ತದೆ. ಸಾಮಾನ್ಯವಾಗಿ ಸುಮಾರು 140ರಿಂದ 290 ವೋಲ್ಟ್‌ವರೆಗೆ ಅದು ಬ್ಯಾಟರಿ ಮುಟ್ಟದೆ ಸರಿದೂಗಿಸುತ್ತದೆ. ಈ ಮನೆಗೆ ಬೇಕಾದದ್ದು ಇದೇ. ಕೊಳ್ಳುವ ಮುನ್ನ ಡಬ್ಬದ ಮೇಲೆ ಈ ಮಿತಿಯನ್ನು ಓದಿಕೊಳ್ಳಿ.

ಎಷ್ಟು ಹೊತ್ತು ನಡೆದೀತು? ಪುಟ್ಟ ಲೆಕ್ಕ ಮಾಡೋಣ. ಕಂಪ್ಯೂಟರ್, ಮಾನಿಟರ್ ಸೇರಿ 120 ವ್ಯಾಟ್. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡಬಲ್ಲದು, ಧಾರಾಳವಾಯಿತು. ಒಳಗಿನ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 12×7, ಅಂದರೆ 84 ವ್ಯಾಟ್-ಗಂಟೆ. 84ನ್ನು 120ರಿಂದ ಭಾಗಿಸಿದರೆ 42 ನಿಮಿಷ. ಆದರೆ ಬೇಗ ಬೇಗ ಹೀರಿದರೆ ಬ್ಯಾಟರಿ ಪೂರ್ತಿ ಕೊಡುವುದಿಲ್ಲ, ಒಂದಿಷ್ಟು ಬಿಸಿಯಾಗಿಯೂ ಹೋಗುತ್ತದೆ. ಕೈಗೆ ಸಿಗುವುದು ಹದಿನೈದಿಪ್ಪತ್ತು ನಿಮಿಷ. ಅದು ಸೇವ್ ಮಾಡಿ ಕ್ರಮವಾಗಿ ಆರಿಸಲು, ಆಟ ಮುಂದುವರಿಸಲು ಅಲ್ಲ! ಲೇಸರ್ ಪ್ರಿಂಟರನ್ನಂತೂ ಅದಕ್ಕೆ ಸಿಕ್ಕಿಸಲೇಬಾರದು, ಬಿಸಿಯಾಗಲು ಅದು ಒಮ್ಮೆಲೇ ಬಹಳ ಕರೆಂಟು ಎಳೆಯುತ್ತದೆ.

ಬ್ಯಾಟರಿಯ ಆಯಸ್ಸು ಎರಡು-ಮೂರು ವರ್ಷ, ಸೆಕೆಯಲ್ಲಿ ಇನ್ನೂ ಕಡಿಮೆ. ತಿಂಗಳಿಗೊಮ್ಮೆ ಎಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ ಆರಿಸಿ ಗಡಿಯಾರ ನೋಡಿ. ಎರಡು ನಿಮಿಷದಲ್ಲೇ ಕೈಕೊಟ್ಟರೆ ಬ್ಯಾಟರಿ ಬದಲಿಸುವ ಕಾಲ ಬಂತು.

ಇನ್ನು ಸಿಡಿಲು. ಹೆಚ್ಚಿನ ಯುಪಿಎಸ್‌ಗಳಲ್ಲಿ ಸಣ್ಣ ಸರ್ಜ್ ಪ್ರೊಟೆಕ್ಟರ್ ಇರುತ್ತದೆ. ಮನೆಯ ಮೇನ್ ಬೋರ್ಡಿಗೂ ದೊಡ್ಡದನ್ನು ಎಲೆಕ್ಟ್ರಿಷಿಯನ್ ಕೂರಿಸಬಲ್ಲರು. ಅದು ಜಿಗಿದ ವೋಲ್ಟೇಜನ್ನು ನೆಲದತ್ತ ಹರಿಸುತ್ತದೆ, ಹಾಗಾಗಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಹೆಚ್ಚು ಉಪಯೋಗವಿಲ್ಲ. ಪ್ರತಿ ಹೊಡೆತಕ್ಕೂ ಅದು ಒಂದಿಷ್ಟು ಸವೆಯುತ್ತದೆ, ಹತ್ತಿರದ ಸಿಡಿಲನ್ನು ತಡೆಯುವ ಭರವಸೆಯೂ ಇಲ್ಲ. ಆಕಾಶ ಕಪ್ಪಿಟ್ಟಾಗ, ಗುಡುಗು ಶುರುವಾಗುವ ಮುಂಚೆಯೇ, ಪ್ಲಗ್ಗನ್ನೂ ಟೆಲಿಫೋನ್, ಇಂಟರ್‌ನೆಟ್ ತಂತಿಯನ್ನೂ ಕಳಚಿಡಿ. ಸಿಡಿಲು ಆ ತಂತಿಯಿಂದಲೂ ಬರುತ್ತದೆ.

ಮೊಮ್ಮಗಳ ಪ್ರಶ್ನೆಗೆ ಅಜ್ಜ ಹೇಳಬಹುದಾದ ಉತ್ತರ ಇಷ್ಟು: “ಸ್ಟೆಬಿಲೈಸರ್ ಫ್ರಿಜ್ಜಿಗೇ ಇರಲಿ ಪುಟ್ಟಿ. ನಿನ್ನ ಕಂಪ್ಯೂಟರಿಗೆ ಎವಿಆರ್ ಇರೋ ಯುಪಿಎಸ್ ತರೋಣ. ಅರ್ಥಿಂಗ್ ನಾನು ನೋಡಿಸ್ತೀನಿ, ಆಗಾಗ ಸೇವ್ ಮಾಡೋದು ನಿನ್ನ ಕೆಲಸ.”