ಹಾಸಿಗೆ ಹಿಡಿದ ಹಿರಿಯರಲ್ಲಿ ಮಲಬದ್ಧತೆ

ಮನೆಯಲ್ಲಿ ವೃದ್ಧ ತಂದೆತಾಯಿಯರನ್ನು ಅಥವಾ ಅತ್ತೆಮಾವಂದಿರನ್ನು ನೋಡಿಕೊಳ್ಳುತ್ತಿರುವ ದಂಪತಿಗಳೇ, ಮಲಬದ್ಧತೆ ಎಂದೊಡನೆ ನಿಮಗೆ ಎಲ್ಲರೂ ಒಂದೇ ಸಲಹೆಯನ್ನು ಕೊಡುತ್ತಾರೆ: ಸೊಪ್ಪು ತಿನ್ನಿಸಿರಿ, ಇಸಬಗೋಲು ಕೊಡಿರಿ, ಸಾಲದಿದ್ದರೆ ಹರಳೆಣ್ಣೆ ಕುಡಿಸಿರಿ. ಹೊಲಮನೆಯ ಕೆಲಸ ಮಾಡಿಕೊಂಡು ಹೊಟ್ಟೆತುಂಬ ಉಣ್ಣುವ ಗಟ್ಟಿ ಮನುಷ್ಯನಿಗೆ ಈ ಸಲಹೆಯಲ್ಲಿ ಬಹುಪಾಲು ಸರಿಯೇ ಇದೆ. ಆದರೆ ಹಸಿವು ಕುಂದಿ, ನಡೆದಾಟ ನಿಂತು, ದಿನಕ್ಕೆ ಐದಾರು ಗುಳಿಗೆ ನುಂಗುತ್ತಿರುವ ದುರ್ಬಲ ವೃದ್ಧರಿಗೆ ಇದೇ ಸಲಹೆಯು ತೊಂದರೆಯನ್ನು ಹೆಚ್ಚಿಸಬಹುದು. ಅವರ ವಿಷಯದಲ್ಲಿ ಮೊದಲು ನೋಡತಕ್ಕದ್ದು ಅಡಿಗೆಯ ಮನೆಯನ್ನಲ್ಲ, ಗುಳಿಗೆಯ ಡಬ್ಬಿಯನ್ನು.

ಮಲವು ಗಟ್ಟಿಯಾಗುವ ಬಗೆಯನ್ನು ತಿಳಿದುಕೊಂಡರೆ ಇದರ ಕಾರಣವು ಹೊಳೆಯುತ್ತದೆ. ಉಂಡ ಆಹಾರದ ಉಳಿಕೆಯು ದೊಡ್ಡ ಕರುಳಿಗೆ ಬರುವಾಗ ಗಂಜಿಯಂತೆ ತೆಳ್ಳಗಿರುತ್ತದೆ. ಕರುಳು ಅದನ್ನು ನಿಧಾನವಾಗಿ ಮುಂದಕ್ಕೆ ತಳ್ಳುತ್ತ ಅದರೊಳಗಿನ ನೀರನ್ನು ಹೀರಿಕೊಳ್ಳುತ್ತದೆ. ತಳ್ಳುವಿಕೆ ಮಂದವಾದಷ್ಟೂ ನೀರು ಹೆಚ್ಚು ಹೀರಲ್ಪಟ್ಟು, ಕೊನೆಗೆ ಆಡಿನ ಹಿಕ್ಕೆಯಂತಹ ಒಣ ಉಂಡೆಗಳು ಉಳಿಯುತ್ತವೆ. ಊಟ ಕಡಿಮೆಯಾದಾಗ ಕರುಳಿಗೆ ಪ್ರಚೋದನೆ ಕಡಿಮೆಯಾಗುತ್ತದೆ. ದೇಹವು ಅಲುಗಾಡದಿದ್ದಾಗ ಮತ್ತಷ್ಟು ಮಂದವಾಗುತ್ತದೆ. ಕೆಲವು ಗುಳಿಗೆಗಳು ಅದನ್ನು ನೇರವಾಗಿಯೇ ಜಡಗೊಳಿಸುತ್ತವೆ. ಇವು ಮೂರೂ ಒಬ್ಬರಲ್ಲಿಯೇ ಕೂಡಿದಾಗ ಸೊಪ್ಪೊಂದರಿಂದ ಪರಿಹಾರವಾಗದು.

ಧಾರವಾಡ ತಾಲೂಕಿನ ಅಮ್ಮಿನಬಾವಿಯಂತಹ ಊರಿನ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮಗ, ಸೊಸೆ, ಇಬ್ಬರು ಮಕ್ಕಳು ಹಾಗೂ 78 ವರ್ಷದ ತಾಯಿ. ತಾಯಿ ಎರಡು ತಿಂಗಳ ಹಿಂದೆ ಅಂಗಳದಲ್ಲಿ ಜಾರಿ ಬಿದ್ದಿದ್ದಾಳೆ. ಎಲುಬು ಮುರಿದಿಲ್ಲ, ಆದರೂ ನೋವಿನಿಂದಾಗಿ ಹಾಸಿಗೆಯನ್ನೇ ಹಿಡಿದಿದ್ದಾಳೆ. ಹಲ್ಲಿಲ್ಲದ ಕಾರಣ ಜೋಳದ ರೊಟ್ಟಿ ಅರ್ಧವೂ ಮುಗಿಯುವುದಿಲ್ಲ. ರಾತ್ರಿ ಎದ್ದು ಹಿತ್ತಲಿನ ಶೌಚಾಲಯಕ್ಕೆ ಹೋಗಬೇಕಾದೀತೆಂಬ ಹೆದರಿಕೆಯಿಂದ ಸಂಜೆಯ ಮೇಲೆ ನೀರನ್ನೇ ಮುಟ್ಟುವುದಿಲ್ಲ. ಇದು ಎಷ್ಟೋ ಮನೆಗಳಲ್ಲಿ ವೃದ್ಧೆಯರು ಯಾರಿಗೂ ಹೇಳದೆ ಪಾಲಿಸುವ ಉಪವಾಸ. ನೀವಾಗಿಯೇ ಕೇಳದ ಹೊರತು ತಿಳಿಯುವಂತಹುದಲ್ಲ.

ಎಂಟು ದಿನ ಆಕೆಗೆ ಮಲವಿಸರ್ಜನೆಯಾಗಲಿಲ್ಲ. ಸೊಸೆ ಅದನ್ನು ಗಮನಿಸಿದರೂ ಚಿಂತಿಸಲಿಲ್ಲ. ಇಂತಹ ಮನೆಗಳಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ: "ಅತ್ತಿ ಊಟಾನ ಮಾಡಂಗಿಲ್ರೀ ಡಾಕ್ಟರ್, ಮತ್ತ ಹೊಟ್ಟಿ ಎಲ್ಲಿಂದ ಹೋಗಬೇಕ್ರೀ?" ಮಾತು ಸಹಜವಾದುದು, ಆದರೆ ಪೂರ್ತಿ ನಿಜವಲ್ಲ. ಮಲವು ಉಂಡ ಅನ್ನದಿಂದ ಮಾತ್ರ ಆಗುವುದಿಲ್ಲ; ಕರುಳಿನ ಒಳಪೊರೆಯ ಸವೆತ, ಕರುಳಿನಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಇವೂ ಅದರಲ್ಲಿ ಸೇರಿರುತ್ತವೆ. ಕಡಿಮೆ ಉಣ್ಣುವವರಿಗೆ ದಿನಾಲು ಆಗಬೇಕೆಂದಿಲ್ಲ, ಎರಡು ದಿನಕ್ಕೊಮ್ಮೆ ಮೆತ್ತಗೆ ಆದರೂ ಸಾಕು. ಆದರೆ ಮೂರು ದಿನ ಕಳೆದರೂ ಆಗದಿದ್ದರೆ, ಅಥವಾ ಆದದ್ದು ಹಿಕ್ಕೆಯಂತಿದ್ದು ಮುಕ್ಕರಿಯಬೇಕಾದರೆ, ಅದನ್ನು ಮಲಬದ್ಧತೆಯೆಂದೇ ಎಣಿಸತಕ್ಕದ್ದು.

ಒಂಬತ್ತನೆಯ ದಿನ ಸೀರೆಯಲ್ಲಿ ತೆಳ್ಳಗಿನ ನೀರುಮಲವು ಸೋರತೊಡಗಿತು. ಆಕೆಗೆ ಗೊತ್ತಾಗದಂತೆಯೇ, ದಿನಕ್ಕೆ ಐದಾರು ಸಲ. ಭೇದಿ ಶುರುವಾಯಿತೆಂದು ಮಗ ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆಯನ್ನು ತಂದು ಕೊಟ್ಟನು. ಮರುದಿನಕ್ಕೆ ಹೊಟ್ಟೆ ಉಬ್ಬಿತು, ಮೂತ್ರ ಕಟ್ಟಿತು, ತಾಯಿ ಹಗಲಿನಲ್ಲಿಯೇ ಅಸಂಬದ್ಧವಾಗಿ ಮಾತನಾಡತೊಡಗಿದಳು.

ಇಲ್ಲಿ ನಡೆದದ್ದು ಭೇದಿಯಲ್ಲ. ಮಲಾಶಯದಲ್ಲಿ ಗಟ್ಟಿ ಮಲವು ಬಿರಡೆಯಂತೆ ಕಚ್ಚಿಕೊಂಡಾಗ ಅದರ ಹಿಂದಿನ ತೆಳ್ಳಗಿನ ಮಲವು ಪಕ್ಕದ ಸಂದಿನಿಂದ ಸೋರುತ್ತದೆ. ಕಾಲುವೆಗೆ ಬಂಡೆ ಅಡ್ಡಬಿದ್ದಾಗ ನೀರು ಬದಿಯಿಂದ ಜಿನುಗುವಂತೆಯೇ ಇದು. ಭೇದಿ ನಿಲ್ಲಿಸುವ ಗುಳಿಗೆಯು ಕರುಳನ್ನು ಇನ್ನಷ್ಟು ನಿಶ್ಚಲಗೊಳಿಸುತ್ತದೆ. ತುಂಬಿದ ಮಲಾಶಯವು ಮುಂದಿರುವ ಮೂತ್ರಚೀಲವನ್ನು ಒತ್ತುವುದರಿಂದ ಮೂತ್ರ ಕಟ್ಟುತ್ತದೆ. ದುರ್ಬಲ ವೃದ್ಧರಲ್ಲಿ ಮನಸ್ಸಿನ ಗೊಂದಲವು ಹೊಟ್ಟೆನೋವಿಗಿಂತ ಮೊದಲೇ ಕಾಣಿಸಿಕೊಳ್ಳಬಹುದು. ಆದುದರಿಂದ ಹಲವು ದಿನ ಮಲ ಕಟ್ಟಿದ್ದು, ತರುವಾಯ ಅರಿವಿಲ್ಲದೆ ನೀರುಮಲ ಸೋರತೊಡಗಿದರೆ ಅಂಗಡಿಗೆ ಹೋಗಕೂಡದು, ವೈದ್ಯರಲ್ಲಿಗೆ ಹೋಗತಕ್ಕದ್ದು. ವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಗುದದ್ವಾರವನ್ನು ಪರೀಕ್ಷಿಸಿದರೆ ಒಂದು ನಿಮಿಷದಲ್ಲಿ ಗಟ್ಟಿ ಮಲವು ಇದೆಯೋ ಇಲ್ಲವೋ ತಿಳಿಯುತ್ತದೆ. ಈ ಪರೀಕ್ಷೆಗೆ ನಾಚಿಕೊಂಡು ಬೇಡವೆನ್ನಬಾರದು.

ಈ ಮನೆಯ ತಾಯಿಗೆ ಮೊದಲು ಮೂತ್ರವನ್ನು ನಳಿಕೆಯಿಂದ ತೆಗೆದು, ಗ್ಲಿಸರಿನ್ ಬತ್ತಿಯಿಂದಲೂ ನರ್ಸ್ ಕೊಡುವ ಸಣ್ಣ ಎನಿಮಾದಿಂದಲೂ ಕೆಳಗಿನ ಮಲವನ್ನು ಬಿಡಿಸಬೇಕಾಗುತ್ತದೆ. ಇದಕ್ಕೆ ಎರಡು ದಿನ ಹಿಡಿಯಬಹುದು. ದಾರಿ ಕಟ್ಟಿರುವಾಗ ಬಾಯಿಯಿಂದ ಹರಳೆಣ್ಣೆಯಂತಹ ತೀಕ್ಷ್ಣ ವಿರೇಚಕವನ್ನು ಕುಡಿಸಿದರೆ ಕರುಳು ಹಿಂಡಿ ಪ್ರಾಣಸಂಕಟವಾಗುತ್ತದೆ. ಮನೆಯಲ್ಲಿ ಸಾಬೂನು ನೀರಿನ ಎನಿಮಾ ಕೊಡುವುದೂ ಕೂಡದು. ಅದು ಕರುಳಿನ ಒಳಪೊರೆಯನ್ನು ಸುಡುತ್ತದೆ. ಮಲಗಿಯೇ ಇರುವವರಿಗೆ, ನುಂಗುವಾಗ ಕೆಮ್ಮು ಬರುವವರಿಗೆ ಎಣ್ಣೆಯಂತಹ ಪ್ಯಾರಾಫಿನ್ ಔಷಧವನ್ನು ಕುಡಿಸಿದರೆ ಅದು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗಬಹುದು.

ದಾರಿ ಬಿಟ್ಟಿತೆಂದರೆ ಕೆಲಸ ಮುಗಿಯಿತೆಂದಲ್ಲ. ಕಾರಣವು ಹಾಗೆಯೇ ಉಳಿದರೆ ಹದಿನೈದು ದಿನಗಳಲ್ಲಿ ಮತ್ತೆ ಕಟ್ಟುತ್ತದೆ. ಈಗ ಗುಳಿಗೆಯ ಡಬ್ಬಿಯನ್ನು ತೆರೆಯೋಣ. ತಾಯಿಯ ಡಬ್ಬಿಯಲ್ಲಿ ಆರು ಬಗೆಯ ಗುಳಿಗೆಗಳಿವೆ: ರಕ್ತದೊತ್ತಡಕ್ಕೆ ಒಂದು, ಸಕ್ಕರೆ ಕಾಯಿಲೆಗೆ ಒಂದು, ರಕ್ತಹೀನತೆಗೆ ಕಬ್ಬಿಣದ ಗುಳಿಗೆ, ಎಲುಬಿಗೆ ಕ್ಯಾಲ್ಸಿಯಂ, ನೋವಿಗೆ ಟ್ರಮಡಾಲ್, ನಿದ್ರೆಗೆಂದು ಅಮಿಟ್ರಿಪ್ಟಿಲೀನ್. ಇವುಗಳನ್ನು ಒಬ್ಬರೇ ಬರೆದುಕೊಟ್ಟದ್ದಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಡೆಯಿಂದ ಬಂದವು. ಕೊನೆಯ ನಾಲ್ಕೂ ಮಲವನ್ನು ಕಟ್ಟತಕ್ಕವು. ಅವುಗಳಲ್ಲಿ ಟ್ರಮಡಾಲ್ ಅಫೀಮಿನ ವರ್ಗಕ್ಕೆ ಹತ್ತಿರದ್ದಾಗಿದ್ದು ಕರುಳಿನ ಚಲನೆಯನ್ನೇ ತಗ್ಗಿಸುತ್ತದೆ. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಕೊಡೀನ್, ಕೆಲವು ನೆಗಡಿ ಗುಳಿಗೆಗಳು, ಅಲ್ಯುಮಿನಿಯಂ ಇರುವ ಆಮ್ಲನಾಶಕಗಳು ಸಹ ಇದೇ ಸಾಲಿಗೆ ಸೇರುತ್ತವೆ.

ಹೀಗೆಂದು ನೀವಾಗಿಯೇ ಎಲ್ಲ ಗುಳಿಗೆಗಳನ್ನು ನಿಲ್ಲಿಸಿಬಿಟ್ಟರೆ ಅನಾಹುತವಾದೀತು. ರಕ್ತದೊತ್ತಡದ ಗುಳಿಗೆ ನಿಂತು ಪಾರ್ಶ್ವವಾಯು ಬಡಿಯಬಹುದು. ನಿಮ್ಮ ಕೆಲಸವಿಷ್ಟೇ: ಮನೆಯಲ್ಲಿರುವ ಗುಳಿಗೆ, ಸಿರಪ್ಪು, ಪುಡಿ, ನಾಟಿ ಔಷಧ ಇವೆಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದೆ ಸುರುವಿರಿ, ಯಾವುದು ಎಂದಿನಿಂದ ಎಂಬುದನ್ನು ಹೇಳಿರಿ. ಬರಿಯ ಚೀಟಿ ತೋರಿಸಿದರೆ ಸಾಲದು, ಏಕೆಂದರೆ ಅಂಗಡಿಯಿಂದ ತಂದದ್ದು ಚೀಟಿಯಲ್ಲಿರುವುದಿಲ್ಲ. ಈ ತಾಯಿಯ ವಿಷಯದಲ್ಲಿ ವೈದ್ಯರು ಟ್ರಮಡಾಲ್ ಬದಲು ಪ್ಯಾರಾಸಿಟಮಾಲ್ ಕೊಡಬಹುದು. ರಕ್ತಪರೀಕ್ಷೆ ಮಾಡಿಸಿ, ಕಬ್ಬಿಣವು ಬೇಕೇ ಇದ್ದರೆ ದಿನ ಬಿಟ್ಟು ದಿನ ಕೊಡಬಹುದು. ನಿದ್ರೆಯ ಗುಳಿಗೆಯನ್ನು ಒಮ್ಮೆಲೇ ಅಲ್ಲದೆ ಕ್ರಮೇಣ ಇಳಿಸಬಹುದು. ರಕ್ತದೊತ್ತಡ ಮತ್ತು ಸಕ್ಕರೆಯ ಗುಳಿಗೆಗಳು ಮುಂದುವರಿಯುತ್ತವೆ.

ಇದರೊಂದಿಗೆ ಮಲವನ್ನು ಮೆತ್ತಗಿರಿಸಲು ಲ್ಯಾಕ್ಟುಲೋಸ್ ಎಂಬ ಸಿಹಿ ದ್ರವವನ್ನು ಸಾಮಾನ್ಯವಾಗಿ 15 ಮಿಲಿಲೀಟರಿನಂತೆ ದಿನಕ್ಕೆ ಒಂದು ಅಥವಾ ಎರಡು ಸಲ ಕೊಡುತ್ತಾರೆ. ಅದು ಕರುಳಿನೊಳಗೇ ನೀರನ್ನು ಹಿಡಿದಿಟ್ಟು ಮಲವನ್ನು ನೆನೆಸುತ್ತದೆ. ಪರಿಣಾಮ ಕಾಣಲು ಎರಡು ದಿನ ಬೇಕಾಗುತ್ತದೆ. ಮೊದಮೊದಲು ಹೊಟ್ಟೆಯಲ್ಲಿ ವಾಯು ತುಂಬಬಹುದು. ಮೊದಲ ದಿನವೇ ಆಗಲಿಲ್ಲವೆಂದು ಎರಡು ಪಟ್ಟು ಕುಡಿಸಬೇಡಿರಿ. ಮಲವು ತೀರ ತೆಳ್ಳಗಾದರೆ ಪ್ರಮಾಣವನ್ನು ಇಳಿಸಬೇಕೆಂದು ವೈದ್ಯರಿಗೆ ತಿಳಿಸಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಮಲವಾದ ದಿನಕ್ಕೊಂದು ಗುರುತು ಹಾಕುತ್ತ ಹೋದರೆ ಊಹೆಗೆ ಅವಕಾಶವಿರುವುದಿಲ್ಲ.

ಇಸಬಗೋಲಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅದು ನೀರು ಹೀರಿ ಉಬ್ಬುವ ಹೊಟ್ಟು. ಒಂದು ಚಮಚಕ್ಕೆ ತುಂಬಿದ ಒಂದು ಲೋಟ ನೀರು ಬೇಕೇ ಬೇಕು. ದಿನಕ್ಕೆ ಎರಡು ಲೋಟ ನೀರೂ ಕುಡಿಯದ, ಹಾಸಿಗೆಯಲ್ಲಿಯೇ ಇರುವ ವೃದ್ಧರಿಗೆ ಕೊಟ್ಟರೆ ಅದೇ ಉಬ್ಬಿ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಗಂಟಲಿನಲ್ಲಿ ಸಿಕ್ಕಿಕೊಂಡದ್ದೂ ಉಂಟು. ಗೋಧಿ ತವುಡಿಗೂ ಇದೇ ಮಾತು. ಮೊದಲು ನೀರು, ಆಮೇಲೆ ನಾರು. ನೀರನ್ನಾದರೂ ಒಮ್ಮೆಗೇ ಲೋಟಗಟ್ಟಲೆ ಕುಡಿಸುವುದು ಆಗದು. ಬೆಳಗಿನಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಅರ್ಧ ಲೋಟ, ಅದು ನೀರಾಗಲಿ, ತೆಳು ಮಜ್ಜಿಗೆಯಾಗಲಿ, ಬೇಳೆಕಟ್ಟಾಗಲಿ, ಕೊಟ್ಟರೆ ರಾತ್ರಿಯ ಹೆದರಿಕೆಯೂ ಇರುವುದಿಲ್ಲ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿನ ಮಿತಿ ಹೇಳಿದ್ದರೆ ಆ ಮಿತಿಯನ್ನು ಮೀರಬಾರದು. ಆಹಾರದಲ್ಲಿ ರೊಟ್ಟಿಯನ್ನು ಮುರಿದು ಬಿಸಿ ಬೇಳೆಯಲ್ಲಿ ನೆನೆಸಿ ಕೊಡಿರಿ, ಜೋಳದ ನುಚ್ಚು ಮಾಡಿರಿ, ಮಾಗಿದ ಪಪ್ಪಾಯಿಯ ಎರಡು ಹೋಳು ಕೊಡಿರಿ. ತಿನ್ನುವುದೇ ಕಷ್ಟವಾಗಿರುವವರಿಗೆ ಸೊಪ್ಪನ್ನು ಒತ್ತಾಯಿಸಿ ಹೊಟ್ಟೆ ತುಂಬಿಸಿದರೆ ಅನ್ನಬೇಳೆಗೆ ಜಾಗ ಉಳಿಯದು.

ಉಳಿದದ್ದು ಕುಳಿತುಕೊಳ್ಳುವ ರೀತಿ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಎಚ್ಚರಗೊಳ್ಳುವುದು ದೇಹದ ಸ್ವಭಾವ. ಬೆಳಿಗ್ಗೆ ಅದು ಹೆಚ್ಚು. ಬಿಸಿ ಚಹ, ನಾಷ್ಟಾ ಆಗಿ ಇಪ್ಪತ್ತು ನಿಮಿಷಕ್ಕೆ, ಒತ್ತಡ ಬರಲಿ ಬಾರದಿರಲಿ, ಕೂಡ್ರಿಸಿರಿ. ಮಂಡಿ ನೋಯುವವರು ನೆಲಮಟ್ಟದ ಶೌಚಾಲಯದಲ್ಲಿ ಕೂರಲಾರರು. ಅದಕ್ಕೆಂದೇ ಅವರು ಒತ್ತಡವನ್ನು ತಡೆಹಿಡಿಯುತ್ತಾರೆ. ಮಧ್ಯದಲ್ಲಿ ರಂಧ್ರವಿರುವ ಕುರ್ಚಿಯ ಕೆಳಗೆ ಬಕೆಟ್ಟನ್ನಿಟ್ಟು, ಪಾದಗಳ ಕೆಳಗೆ ಒಂದು ಮಣೆಯನ್ನಿಡಿರಿ. ಮೊಳಕಾಲು ಸೊಂಟಕ್ಕಿಂತ ತುಸು ಮೇಲಿರಲಿ, ಮೈ ಮುಂದಕ್ಕೆ ಬಾಗಿರಲಿ. ಹತ್ತು ನಿಮಿಷ ಸಾಕು. ನಡುವೆ ಒಂದು ಹಳೆಯ ಸೀರೆಯ ಪರದೆ ಕಟ್ಟಿರಿ. ಮೊಮ್ಮಕ್ಕಳ ಎದುರಿನಲ್ಲಿ ಯಾರ ಕರುಳೂ ಸಡಿಲವಾಗದು. ತಾಯಿಯನ್ನು ಎತ್ತಿ ಕೂಡ್ರಿಸುವ ಕೆಲಸವನ್ನು ಸೊಸೆಗೇ ಬಿಡದೆ ಮಗನೂ ಕೈಹಾಕಬೇಕು. ದಿನಕ್ಕೆ ಮೂರು ಸಲ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂಡ್ರಿಸುವುದು, ಸಾಧ್ಯವಾದರೆ ಹಿಡಿದು ನಿಲ್ಲಿಸುವುದು, ಇವೂ ಕರುಳಿಗೆ ನಡೆದಾಟವೇ.

ಹೊಟ್ಟೆ ಬಿಗಿದು ವಾಂತಿಯಾಗುತ್ತಿದ್ದು ಮಲವೂ ವಾಯುವೂ ಹೊರಡದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಜ್ವರದೊಡನೆ ಹೊಟ್ಟೆನೋವು ಬಂದರೆ ಯಾವ ಮನೆಮದ್ದನ್ನೂ ಕೊಡದೆ ಅಂದೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಕಬ್ಬಿಣದ ಗುಳಿಗೆಯಿಂದ ಮಲವು ಕಪ್ಪಾಗುವುದುಂಟು. ಆದರೆ ಟಾರಿನಂತೆ ಅಂಟಂಟಾಗಿ ದುರ್ವಾಸನೆಯಿಂದ ಕೂಡಿದ್ದರೆ ಅದು ಒಳಗಿನ ರಕ್ತಸ್ರಾವವಿರಬಹುದು. ಮೊದಲಿಲ್ಲದ ಮಲಬದ್ಧತೆಯು ಕೆಲವು ವಾರಗಳಿಂದ ಹೊಸದಾಗಿ ಶುರುವಾಗಿ, ಜೊತೆಗೆ ತೂಕವೂ ಇಳಿಯುತ್ತಿದ್ದರೆ, ವಯಸ್ಸಿನ ದೋಷವೆಂದು ಬಿಡದೆ ಕರುಳಿನ ಗಡ್ಡೆಗಾಗಿ ಪರೀಕ್ಷೆ ಮಾಡಿಸಬೇಕು. ಹೋಗುವಾಗ ಆ ಕೈಚೀಲ ಮತ್ತು ಗುರುತು ಹಾಕಿದ ಕ್ಯಾಲೆಂಡರ್ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿರಿ.